ಅಪ್ಪನ ಹೆಸರಿನ ಕೆಳಗೆ ಗೆರೆ ಎಲ್ಲಿ?

"ತಾತ ಹೋದ ವರ್ಷ ತೀರಿಕೊಂಡರು. ಉಯಿಲು ಬರೆದಿಲ್ಲ. ಅವರೇ ದುಡಿದು ಕೊಂಡ 12 ಎಕರೆ ಹೊಲವಿದೆ. ಅಜ್ಜಿ, ದೊಡ್ಡಪ್ಪ, ಅತ್ತೆ ಇದ್ದಾರೆ. ನಮ್ಮಪ್ಪ ತಾತನಿಗಿಂತ ಮೊದಲೇ ಹೋದರು; ಈಗ ಅಮ್ಮ, ನಾನು, 16 ವರ್ಷದ ತಮ್ಮ. 'ಅಪ್ಪನೇ ಇಲ್ಲದ ಮೇಲೆ ನಿಮಗೆಲ್ಲಿಯ ಪಾಲು' ಅಂತಾರೆ ದೊಡ್ಡಪ್ಪ. ಪೌತಿ ಖಾತೆಗೆ ಒಪ್ಪಿಗೆ ಪತ್ರ ತಂದಿದ್ದಾರೆ, ಅತ್ತೆ ಸಹಿ ಹಾಕಿಯಾಗಿದೆ. ಜೊತೆಗಿದ್ದ ವಂಶವೃಕ್ಷದಲ್ಲಿ ಅಪ್ಪನ ಹೆಸರ ಮುಂದೆ 'ಮೃತ' ಅಂತಷ್ಟೇ ಇದೆ. ಅಮ್ಮ ಜಗಳ ಬೇಡ ಅಂತಾಳೆ. ಸಹಿ ಹಾಕಲೇ?"

ಹಾಕಬೇಡಿ. 'ಮೃತ ಅಂತಷ್ಟೇ' ಎಂದು ನೀವು ಅರ್ಧ ಸಾಲಲ್ಲಿ ದಾಟಿಹೋದಿರಲ್ಲ, ಪೆಟ್ಟು ಬಿದ್ದಿರುವುದು ಅಲ್ಲೇ. ಆ ಹೆಸರಿನಿಂದ ಕೆಳಕ್ಕೆ ಗೆರೆ ಎಳೆದು ಅಮ್ಮ, ನೀವು, ತಮ್ಮ ಮೂವರನ್ನೂ ಬರೆಯಬೇಕಿತ್ತು. ಗೆರೆ ಇಲ್ಲದಿದ್ದರೆ ಓದುವ ಅಧಿಕಾರಿಗೆ ನಿಮ್ಮಪ್ಪ ಮಕ್ಕಳಿಲ್ಲದೆ ಹೋದಂತೆ ಕಾಣುತ್ತದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಂದೆಗಿಂತ ಮೊದಲೇ ತೀರಿಕೊಂಡ ಮಗನ ಹೆಂಡತಿ, ಮಕ್ಕಳು ಮೊದಲ ವರ್ಗದ ವಾರಸುದಾರರು. ಅಪ್ಪ ಬದುಕಿದ್ದರೆ ಬರುತ್ತಿದ್ದ ಒಂದು ಪಾಲು ಅವರ ಕವಲಿಗೆ ಇಳಿಯುತ್ತದೆ. ಅಜ್ಜಿಗೊಂದು, ದೊಡ್ಡಪ್ಪನಿಗೊಂದು, ಅತ್ತೆಗೊಂದು, ನಿಮ್ಮ ಕವಲಿಗೊಂದು: ತಲಾ 3 ಎಕರೆ. ನಿಮ್ಮ ಮೂರರಲ್ಲಿ ಅಮ್ಮನಿಗೆ, ನಿಮಗೆ, ತಮ್ಮನಿಗೆ ಒಂದೊಂದು ಎಕರೆ. ಹೊಲ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು, ಹಾಗಾಗಿ ತಾತನ ಕ್ರಯಪತ್ರದ ನಕಲು ತೆಗೆದಿಟ್ಟುಕೊಳ್ಳಿ.

ಅಮ್ಮ ಈಗ ಬಿಟ್ಟುಕೊಟ್ಟರೆ ಅವರಿಗೆ ಇನ್ನೊಂದು ಬಾಗಿಲಿಲ್ಲ. ನಾಳೆ ಅಜ್ಜಿ ಉಯಿಲಿಲ್ಲದೆ ಹೋದರೆ ಅವರ 3 ಎಕರೆಯಲ್ಲಿ ನಿಮಗೂ ತಮ್ಮನಿಗೂ ಪಾಲು ಬರುತ್ತದೆ, ಸೊಸೆಗೆ ಬರುವುದಿಲ್ಲ. ತಮ್ಮನ ಎಕರೆಯನ್ನಂತೂ ಕೋರ್ಟಿನ ಅನುಮತಿಯಿಲ್ಲದೆ ಅಮ್ಮನೂ ಬರೆದುಕೊಡುವಂತಿಲ್ಲ.

ದೊಡ್ಡಪ್ಪನಿಗಿಂತ ನನಗೆ ಸಿಟ್ಟು ಬಂದದ್ದು ನಿಮ್ಮ ಅತ್ತೆಯ ಮೇಲೆ. ಮಗಳಿಗೆ ಮಗನಷ್ಟೇ ಪಾಲು ಕೊಟ್ಟ ಕಾಯ್ದೆಯೇ ನಿಮಗೂ ಕೊಟ್ಟಿದೆ. ತೀರಿಹೋದ ಒಡಹುಟ್ಟಿದವನ ಮಕ್ಕಳನ್ನು ಬಿಟ್ಟ ವಂಶವೃಕ್ಷ ನೋಡಿಯೂ ಸಹಿ ಹಾಕಿದರಲ್ಲ!

ಮಾಡಬೇಕಾದ್ದು ಒಂದೇ. ಈ ವಾರವೇ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ. ಸರ್ವೆ ನಂಬರ್ ಬರೆದು, ಅಪ್ಪನ ಮತ್ತು ತಾತನ ಮರಣ ಪ್ರಮಾಣಪತ್ರ, ನಿಮ್ಮಿಬ್ಬರ ಜನನ ಪ್ರಮಾಣಪತ್ರ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಗೆ ಬನ್ನಿ. ಮ್ಯುಟೇಶನ್ ನೋಟಿಸಿಗೆ ತಕರಾರು ಹೇಳಲು ಅದರಲ್ಲಿ ಕೊಟ್ಟಷ್ಟು ದಿನ ಮಾತ್ರ. ಖಾತೆ ಆಗಿಹೋಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಪಹಣಿಯಲ್ಲಿ ದೊಡ್ಡಪ್ಪನ ಹೆಸರೊಂದೇ ಕೂತರೂ ನಿಮ್ಮ ಹಕ್ಕು ಹೋಗುವುದಿಲ್ಲ, ಆದರೆ ಆ ಪಹಣಿ ತೋರಿಸಿ ಅವರು ಹೊಲ ಮಾರಿದರೆ ಕೊಂಡವರ ಮೇಲೂ ನೀವು ದಾವೆ ಹೂಡಬೇಕಾಗುತ್ತದೆ.