ಬ್ರಾಡ್‌ಬ್ಯಾಂಡ್ ಪ್ಲಾನಿನ ನಿಬಂಧನೆಗಳನ್ನು ನಾಲ್ಕು ಸಾಲಿಗೆ ಇಳಿಸುವುದು

ಪ್ರಶ್ನೆ: ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ ನಾನು. ಬ್ರಾಡ್‌ಬ್ಯಾಂಡ್ ಕಂಪನಿಯವರು ಕೊಟ್ಟ ನಿಬಂಧನೆಗಳು ಹನ್ನೊಂದು ಪುಟ ಇವೆ. ಅದನ್ನು ಡೇಟಾ ಮಿತಿ, ವೇಗ ಕಡಿತ, ವ್ಯಾಲಿಡಿಟಿ, ಹೆಚ್ಚುವರಿ ಶುಲ್ಕ ಎಂದು ನಾಲ್ಕು ಸಾಲಿನಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು. ತಪ್ಪಾಗದಂತೆ ಹೇಗೆ ಬರೆಯಲಿ?

ಉತ್ತರ: ನಾನು ಎಂಟು ವರ್ಷ ಒಂದು ಸ್ಥಳೀಯ ಇಂಟರ್ನೆಟ್ ಸಂಸ್ಥೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡಿದ್ದೇನೆ, ಇಂತಹ ಚೀಟಿಗಳನ್ನು ಗ್ರಾಹಕರಿಗೆ ಬರೆದು ಕೊಟ್ಟಿದ್ದೇನೆ. ಆ ಅನುಭವದಿಂದ ಮೊದಲಿಗೆ ಹೇಳಬೇಕಾದದ್ದೆಂದರೆ, ನಿಮ್ಮ ನಾಲ್ಕು ಸಾಲುಗಳ ಕ್ರಮವನ್ನು ಬದಲಿಸಿ ವ್ಯಾಲಿಡಿಟಿಯನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಉಳಿದ ಮೂರೂ ಅದಕ್ಕೆ ಜೋತುಬಿದ್ದಿರುತ್ತವೆ. 1000 ಜಿಬಿ ಎಂದು ಬರೆದರೆ ಅದು ಎಷ್ಟು ದಿನಕ್ಕೆ ಎನ್ನುವುದು ತಿಳಿಯದು, ವೇಗ ಇಳಿಯುತ್ತದೆ ಎಂದು ಬರೆದರೆ ಎಲ್ಲಿಯವರೆಗೆ ಎನ್ನುವುದು ತಿಳಿಯದು, 499 ರೂಪಾಯಿ ಎಂದು ಬರೆದರೆ ಒಂದೇ ಸಲಕ್ಕೆ ಎಷ್ಟು ತಿಂಗಳ ಹಣ ಕಟ್ಟಬೇಕು ಎನ್ನುವುದು ತಿಳಿಯದು.

ಓದುವ ಕ್ರಮ ಹೀಗಿರಲಿ. ಮೊದಲ ಸಲ ಓದುವಾಗ ಅರ್ಥ ಮಾಡಿಕೊಳ್ಳಲು ಹೋಗದೆ, ಪೆನ್ಸಿಲ್ ಹಿಡಿದು ಅಂಕಿಗಳಿಗೆ ಮತ್ತು ನಕ್ಷತ್ರದ ಗುರುತುಗಳಿಗೆ ಮಾತ್ರ ಸುತ್ತು ಹಾಕುತ್ತಾ ಹೋಗಿ. ಹನ್ನೊಂದು ಪುಟಗಳಲ್ಲಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಸುತ್ತುಗಳಿಗಿಂತ ಹೆಚ್ಚು ಬೀಳುವುದಿಲ್ಲ. ಎರಡನೆಯ ಸಲ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಯಾವುದರ ಲೆಕ್ಕ, ಎಷ್ಟು ಅವಧಿಯ ಲೆಕ್ಕ, ಎಂದಿನಿಂದ ಆರಂಭ ಎಂಬ ಮೂರು ಸಂಗತಿಗಳನ್ನು ಬರೆದುಕೊಳ್ಳಿ. ಇವುಗಳಲ್ಲಿ ಯಾವುದಾದರೂ ಆ ಷರತ್ತಿನಲ್ಲಿ ಸಿಗದಿದ್ದರೆ, ಅದರ ಉತ್ತರ ಬಹುಮಟ್ಟಿಗೆ ಆರಂಭದ ವ್ಯಾಖ್ಯೆಗಳ ಭಾಗದಲ್ಲಿರುತ್ತದೆ. ಬೇಸರದಿಂದ ಎಲ್ಲರೂ ದಾಟಿಹೋಗುವ ಭಾಗ ಅದೇ.

ನಾನು ಕೌಂಟರಿನಲ್ಲಿ ಕಂಡ ಕಾಗದಗಳ ಮಾದರಿಯಲ್ಲಿಯೇ ಒಂದು ಪ್ಲಾನನ್ನು ಇಟ್ಟುಕೊಂಡು ನೋಡೋಣ. ಜಾಹೀರಾತಿನಲ್ಲಿ ‘ತಿಂಗಳಿಗೆ 499 ರೂಪಾಯಿ, 40 ಎಂಬಿಪಿಎಸ್, ಅನ್‌ಲಿಮಿಟೆಡ್, ಆರು ತಿಂಗಳ ಪ್ಯಾಕ್’ ಎಂದಿದೆ. ನಿಬಂಧನೆಗಳ ನಾಲ್ಕನೆಯ ಷರತ್ತು ‘ಪ್ರತಿ ಬಿಲ್ಲಿಂಗ್ ಅವಧಿಗೆ 1000 ಜಿಬಿವರೆಗೆ 40 ಎಂಬಿಪಿಎಸ್‌ವರೆಗಿನ ವೇಗ, ನಂತರ 2 ಎಂಬಿಪಿಎಸ್‌ವರೆಗಿನ ವೇಗದಲ್ಲಿ ಅನಿಯಮಿತ ಬಳಕೆ’ ಎನ್ನುತ್ತದೆ. ಇದನ್ನು ಓದಿದ ಯಾರಿಗಾದರೂ ತಿಂಗಳಿಗೆ 1000 ಜಿಬಿ ಎಂದೇ ಅನ್ನಿಸುತ್ತದೆ. ಆದರೆ ಎರಡನೆಯ ಷರತ್ತಿನ ವ್ಯಾಖ್ಯೆಗಳಲ್ಲಿ ‘ಬಿಲ್ಲಿಂಗ್ ಅವಧಿ ಎಂದರೆ ಗ್ರಾಹಕರು ಮುಂಗಡವಾಗಿ ಹಣ ಪಾವತಿಸಿದ ಪೂರ್ಣ ಅವಧಿ’ ಎಂದಿದೆ. ಎರಡನ್ನೂ ಸೇರಿಸಿ ಓದಿದಾಗ ಆ 1000 ಜಿಬಿ ಇರುವುದು ಆರು ತಿಂಗಳಿಗೆ.

ಈ ಒಂದು ಪದದ ವ್ಯತ್ಯಾಸ ಮನೆಯೊಳಗೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕೋಣ. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತೆಗೆದುಕೊಳ್ಳುತ್ತದೆ. ಎರಡು ಟಿವಿಗಳು ದಿನಕ್ಕೆ ನಾಲ್ಕು ನಾಲ್ಕು ಗಂಟೆ ನಡೆದರೆ 24 ಜಿಬಿ ಆಯಿತು. ಗೇಟಿನ ಬಳಿ ಹಗಲೂ ರಾತ್ರಿ 1 ಎಂಬಿಪಿಎಸ್ ವೇಗದಲ್ಲಿ ಕ್ಲೌಡಿಗೆ ಚಿತ್ರ ಕಳುಹಿಸುವ ಕ್ಯಾಮೆರಾ ಇದ್ದರೆ, ಅದೊಂದೇ ದಿನಕ್ಕೆ 10.8 ಜಿಬಿ ಅಪ್‌ಲೋಡ್ ಮಾಡುತ್ತದೆ, ಮತ್ತು ಹೆಚ್ಚಿನ ಪ್ಲಾನುಗಳಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡೂ ಸೇರಿಯೇ ಮಿತಿಯ ಲೆಕ್ಕ ನಡೆಯುತ್ತದೆ. ಒಟ್ಟು ದಿನಕ್ಕೆ ಸುಮಾರು 35 ಜಿಬಿ. ಹಾಗಾದರೆ 1000 ಜಿಬಿ ಮುಗಿಯುವುದು 29ನೆಯ ದಿನ. ಮಿತಿ ತಿಂಗಳಿನದಾಗಿದ್ದರೆ ಆ ಮನೆಯವರಿಗೆ ತಿಂಗಳ ಕೊನೆಯ ಒಂದೆರಡು ದಿನ ತೊಂದರೆಯಾಗುತ್ತಿತ್ತು, ಅಷ್ಟೆ. ಮಿತಿ ಇಡೀ ಪ್ಯಾಕಿನದಾಗಿದ್ದರೆ ಉಳಿದ ಐದು ತಿಂಗಳನ್ನೂ ಅವರು 2 ಎಂಬಿಪಿಎಸ್‌ನಲ್ಲಿ ಕಳೆಯಬೇಕು.

ನನ್ನ ಕೈಯಿಂದಲೇ ಈ ತಪ್ಪು ಒಮ್ಮೆ ಆಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿಗೆ ‘1000 ಜಿಬಿ’ ಎಂದಷ್ಟೇ ಬರೆದುಕೊಟ್ಟಿದ್ದೆ. ಎರಡನೆಯ ತಿಂಗಳಿನಲ್ಲಿ ಅವರು ಆ ಚೀಟಿ ಹಿಡಿದು ಬಂದು, ‘ಹೊಸ ತಿಂಗಳು ಶುರುವಾಗಿ ವಾರವಾಯಿತು, ವೇಗ ಯಾಕೆ ಬಂದಿಲ್ಲಪ್ಪ?’ ಎಂದು ಕೇಳಿದರು. ಸಂಸ್ಥೆಯ ನಿಬಂಧನೆ ಸರಿಯಾಗಿಯೇ ಇತ್ತು, ನನ್ನ ಚೀಟಿಯಲ್ಲಿ ಅವಧಿ ಇರಲಿಲ್ಲ. ಮೊಮ್ಮಗಳ ಆನ್‌ಲೈನ್ ಪಾಠಕ್ಕೆಂದು ಅವರು ಪಿಂಚಣಿಯ ಹಣ ಕಟ್ಟಿದ್ದರು. ಅಂದಿನಿಂದ ಅವಧಿಯಿಲ್ಲದ ಅಂಕಿಯನ್ನು ನಾನು ಯಾರಿಗೂ ಬರೆದುಕೊಟ್ಟಿಲ್ಲ.

ವೇಗ ಕಡಿತದ ಸಾಲಿನಲ್ಲಿ ಇಳಿದ ಮೇಲಿನ ವೇಗದ ಅಂಕಿಯ ಜೊತೆಗೆ ಆ ವೇಗದಲ್ಲಿ ಏನು ನಡೆಯುತ್ತದೆ ಎಂಬುದನ್ನೂ ಅರ್ಧ ವಾಕ್ಯದಲ್ಲಿ ಬರೆಯಿರಿ, ಏಕೆಂದರೆ ಎಂಬಿಪಿಎಸ್ ಎನ್ನುವುದು ಬಹಳ ಜನರಿಗೆ ಬರಿಯ ಸದ್ದು. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ. 2 ಎಂಬಿಪಿಎಸ್ ಎಂದರೆ ಗಂಟೆಗೆ 0.9 ಜಿಬಿ ಮಾತ್ರ. ಗಂಟೆಗೆ 3 ಜಿಬಿ ಬೇಕಾಗುವ ಎಚ್‌ಡಿ ವಿಡಿಯೊ ಅದರಲ್ಲಿ ನಿಂತು ನಿಂತು ಬರುತ್ತದೆ. ವಾಟ್ಸಾಪ್ ಸಂದೇಶ, ಬ್ಯಾಂಕಿನ ಕೆಲಸ, ಕಡಿಮೆ ಗುಣಮಟ್ಟದ ಒಂದು ವಿಡಿಯೊ ನಡೆಯುತ್ತದೆ, ಮನೆಯ ಇಬ್ಬರು ಒಟ್ಟಿಗೆ ವಿಡಿಯೊ ಕರೆಯಲ್ಲಿ ಕೂರಲು ಕಷ್ಟ. ‘ಅನ್‌ಲಿಮಿಟೆಡ್’ ಎಂಬ ಪದವನ್ನು ನಿಮ್ಮ ಸಾರಾಂಶದಲ್ಲಿ ಬಳಸಲೇಬೇಡಿ. ಸಂಪರ್ಕ ಕಡಿದುಹೋಗುವುದಿಲ್ಲ ಎಂಬುದಷ್ಟೇ ಅದರ ಅರ್ಥ, ಮತ್ತು ಅದನ್ನು ಹಾಗೆಯೇ ಬರೆಯಬಹುದು.

ಕಾಗದದಲ್ಲಿ ಇಳಿದ ಮೇಲಿನ ವೇಗವನ್ನೇ ಹೇಳದೆ ‘ನ್ಯಾಯಯುತ ಬಳಕೆಯ ನೀತಿಗೆ ಒಳಪಟ್ಟಿದೆ’ ಎಂದು ಮುಗಿಸಿದ್ದರೆ ಕೇಳಿ ಪಡೆಯುವ ಹಕ್ಕು ನಿಮಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಅಕ್ಟೋಬರಿನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಯು ಡೇಟಾ ಮಿತಿಯನ್ನು, ಮಿತಿಯವರೆಗಿನ ವೇಗವನ್ನು, ಮಿತಿ ದಾಟಿದ ಮೇಲಿನ ವೇಗವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು, ಮತ್ತು ಸ್ಥಿರ ಬ್ರಾಡ್‌ಬ್ಯಾಂಡಿನ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸುವಂತಿರಲಿಲ್ಲ. ಆಮೇಲೆ 2023ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್ ಎಂಬ ಪದದ ವ್ಯಾಖ್ಯೆಯನ್ನೇ ಕನಿಷ್ಠ 2 ಎಂಬಿಪಿಎಸ್‌ಗೆ ಏರಿಸಿತು.

ವ್ಯಾಲಿಡಿಟಿಯ ವಿಷಯದಲ್ಲಿ ತಿಂಗಳು ಎಂಬ ಪದವನ್ನು ಬಿಟ್ಟು ದಿನಗಳಲ್ಲಿ ಬರೆಯಿರಿ, ಸಾಧ್ಯವಾದರೆ ಕೊನೆಯ ತಾರೀಖನ್ನೇ ಬರೆಯಿರಿ. ನಮ್ಮ ಮಾದರಿಯ ಒಂಬತ್ತನೆಯ ಷರತ್ತು ತಿಂಗಳೆಂದರೆ 30 ದಿನ ಎನ್ನುತ್ತದೆ. ಆರು ತಿಂಗಳೆಂದರೆ 180 ದಿನ. ಅಧಿಕ ವರ್ಷವಲ್ಲದ ವರ್ಷದಲ್ಲಿ ಜನವರಿ 1ರಂದು ಆರಂಭವಾದ ಪ್ಯಾಕ್ ಜೂನ್ 30ರವರೆಗೆ ಇರುವುದಿಲ್ಲ, ಜೂನ್ 29ಕ್ಕೆ ಮುಗಿಯುತ್ತದೆ. ಅದೇ ಷರತ್ತು ಎಣಿಕೆ ಹಣ ಕಟ್ಟಿದ ದಿನದಿಂದ ಎಂದೂ ಹೇಳುತ್ತದೆ. ಕೇಬಲ್ ಎಳೆಯಲು ನಾಲ್ಕು ದಿನ ತಡವಾದರೆ ಆ ನಾಲ್ಕು ದಿನವೂ ನಿಮ್ಮ ಲೆಕ್ಕಕ್ಕೇ ಹೋಗುತ್ತವೆ. ಆದ್ದರಿಂದ ಲೈನ್ ಚಾಲೂ ಆದ ದಿನದಿಂದ ಎಣಿಸುವಂತೆ ಮೊದಲೇ ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಶುಲ್ಕಗಳಲ್ಲಿ ಪ್ರತಿ ಸಲವೂ ಬರುವುದು, ಒಮ್ಮೆ ಮಾತ್ರ ಬರುವುದು, ಮರಳಿ ಸಿಗುವುದು, ಏನಾದರೂ ನಡೆದರೆ ಮಾತ್ರ ಬೀಳುವುದು ಎಂಬ ಭೇದವನ್ನು ಬಿಡಿಸಿ ಬರೆಯದಿದ್ದರೆ ಆ ಸಾಲಿನಿಂದ ಪ್ರಯೋಜನವಿಲ್ಲ. ನಮ್ಮ ಮಾದರಿಯಲ್ಲಿ ಆರು ತಿಂಗಳ ಬಾಡಿಗೆ 2994 ರೂಪಾಯಿ, ಅದಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿ 3532.92. ಅಳವಡಿಕೆಯ ಶುಲ್ಕ 500, ಜಿಎಸ್‌ಟಿ ಸೇರಿ 590. ರೂಟರಿಗೆ ಮರಳಿ ಸಿಗುವ ಠೇವಣಿ 1000. ಮೊದಲ ದಿನ ಕೈಯಿಂದ ಹೋಗುವುದು 5122.92 ರೂಪಾಯಿ. ಠೇವಣಿಯನ್ನು ಬಿಟ್ಟು ಉಳಿದದ್ದನ್ನು ಆರರಿಂದ ಭಾಗಿಸಿದರೆ ಮೊದಲ ಪ್ಯಾಕಿನಲ್ಲಿ ತಿಂಗಳಿಗೆ ಸುಮಾರು 687 ರೂಪಾಯಿ ಬೀಳುತ್ತದೆ. ನೋಟಿಸ್ ಬೋರ್ಡಿನಲ್ಲಿ 499ರ ಪಕ್ಕದಲ್ಲಿ ಈ 687 ಇರಲೇಬೇಕು.

ಇಷ್ಟಾದ ಮೇಲೆ ನಿಮ್ಮ ಸಾಲುಗಳು ಹೀಗೆ ಬರುತ್ತವೆ.

ವ್ಯಾಲಿಡಿಟಿ: ಹಣ ಕಟ್ಟಿದ ದಿನದಿಂದ 180 ದಿನ (ಷರತ್ತು 9).

ಡೇಟಾ ಮಿತಿ: 180 ದಿನಕ್ಕೆ ಒಟ್ಟು 1000 ಜಿಬಿ, ಪ್ರತಿ ತಿಂಗಳೂ ಹೊಸದಾಗಿ ಸಿಗುವುದಿಲ್ಲ (ಷರತ್ತು 2 ಮತ್ತು 4). ಅಪ್‌ಲೋಡ್ ಸೇರುತ್ತದೆಯೇ ಎಂದು ಕಾಗದದಲ್ಲಿ ಹೇಳಿಲ್ಲ.

ವೇಗ: ಮಿತಿಯವರೆಗೆ ಗರಿಷ್ಠ 40 ಎಂಬಿಪಿಎಸ್. ದಾಟಿದ ಮೇಲೆ ಪ್ಯಾಕ್ ಮುಗಿಯುವವರೆಗೂ ಗರಿಷ್ಠ 2 ಎಂಬಿಪಿಎಸ್, ಎಚ್‌ಡಿ ವಿಡಿಯೊ ನಡೆಯುವುದಿಲ್ಲ (ಷರತ್ತು 4).

ಶುಲ್ಕ: ಮೊದಲ ದಿನ 5122.92 ರೂಪಾಯಿ, ಅದರಲ್ಲಿ ಠೇವಣಿ 1000. ಮುಂದಿನ ಪ್ರತಿ ಪ್ಯಾಕಿಗೆ 3532.92. ಸಂಪರ್ಕ ಬಿಟ್ಟ 15 ದಿನಗಳೊಳಗೆ ರೂಟರ್ ಹಿಂದಿರುಗಿಸದಿದ್ದರೆ ಠೇವಣಿ ಸಿಗುವುದಿಲ್ಲ. ನಡುವೆ ಬಿಟ್ಟರೆ ಉಳಿದ ದಿನಗಳ ಹಣ ಸಿಗುವುದಿಲ್ಲ (ಷರತ್ತು 7).

ಡೇಟಾದ ಸಾಲಿನಲ್ಲಿ ‘ಹೇಳಿಲ್ಲ’ ಎಂದು ಬರೆದದ್ದನ್ನು ಗಮನಿಸಿ. ನಿಮಗೆ ಊಹೆ ಇದ್ದರೂ ಅದನ್ನು ಅಲ್ಲಿ ತುಂಬಬೇಡಿ, ಏಕೆಂದರೆ ಓದುವವರಿಗೆ ನಿಮ್ಮ ಊಹೆಯೂ ಕಂಪನಿಯ ಮಾತೂ ಒಂದೇ ಆಗಿ ಕಾಣುತ್ತವೆ. ಆವರಣದಲ್ಲಿ ಷರತ್ತಿನ ಸಂಖ್ಯೆ ಕೊಟ್ಟಿರುವುದೂ ಇದೇ ಕಾರಣಕ್ಕೆ: ಸಂದೇಹ ಬಂದವರು ಹನ್ನೊಂದು ಪುಟ ತಿರುವಿಹಾಕದೆ ಮೂಲವನ್ನು ತಾವೇ ನೋಡಿಕೊಳ್ಳಬಹುದು.

ಬೋರ್ಡಿಗೆ ಹಾಕುವ ಮುಂಚೆ ಕಂಪನಿಗೆ ಒಂದು ಇಮೇಲ್ ಕಳುಹಿಸಿ. ‘ಡೇಟಾ ಎಷ್ಟು?’ ಎಂದು ಕೇಳಿದರೆ ಜಾಹೀರಾತಿನ ಸಾಲೇ ಮರಳಿ ಬರುತ್ತದೆ. ‘31ನೆಯ ದಿನ ನನ್ನ ಬಳಕೆಯ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆಯೇ, ಇಲ್ಲವೇ?’ ಎಂದು ಕೇಳಿ, ಆಗ ಅವರು ಹೌದು ಅಥವಾ ಇಲ್ಲ ಎಂದೇ ಬರೆಯಬೇಕಾಗುತ್ತದೆ. ಅಪ್‌ಲೋಡ್ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನೂ ಅದರಲ್ಲಿಯೇ ಕೇಳಿಬಿಡಿ. ಬಡಾವಣೆಯಲ್ಲಿ ಈಗಾಗಲೇ ಅದೇ ಪ್ಯಾಕ್ ಹಾಕಿಸಿಕೊಂಡವರು ಇದ್ದರೆ, 30ನೆಯ ದಿನ ಮತ್ತು 31ನೆಯ ದಿನ ಅವರ ಆ್ಯಪಿನಲ್ಲಿ ಕಾಣುವ ಬಳಕೆಯ ಅಂಕಿಯನ್ನು ನೋಡಿ ಇಮೇಲಿನ ಉತ್ತರದೊಂದಿಗೆ ಹೋಲಿಸಿ. ಕೊನೆಯದಾಗಿ, ಕಂಪನಿಗಳು ನಿಬಂಧನೆಗಳನ್ನು ಆಗಾಗ ಬದಲಿಸುತ್ತಿರುತ್ತವೆ. ನೀವು ಓದಿದ ಪ್ರತಿಯ ದಿನಾಂಕವನ್ನು ನೋಟಿಸಿನ ಮೇಲ್ಭಾಗದಲ್ಲಿ ಬರೆದು, ಪ್ಯಾಕ್ ನವೀಕರಿಸುವ ವಾರದಲ್ಲಿ ಹೊಸ ಪ್ರತಿಯ ಎರಡು, ನಾಲ್ಕು, ಏಳು ಮತ್ತು ಒಂಬತ್ತನೆಯ ಷರತ್ತುಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿ.