ಅಮೃತಬಳ್ಳಿ ಪುಡಿ ಮತ್ತು ಹಳದಿ ಕಣ್ಣು: ಎಲ್ಲಿ ವರದಿ ಮಾಡುವುದು

"ಅಮೃತಬಳ್ಳಿ ಪುಡಿ ತಗೊಂಡ ಮೇಲೆ ಕಣ್ಣು ಹಳದಿ ಆಯ್ತು, ಲಿವರ್ ಟೆಸ್ಟ್ ಜಾಸ್ತಿ ಬಂತು. ಎಲ್ಲಿ ಹೇಳೋದು? ಹೇಳಿ ಏನು ಪ್ರಯೋಜನ?"

ಮೊದಲು ಆ ಡಬ್ಬಿ ಎಸೆಯಬೇಡಿ. ಉಳಿದ ಪುಡಿ, ಬ್ಯಾಚ್ ನಂಬರ್, ಬಿಲ್ ಎಲ್ಲ ಇಟ್ಟುಕೊಳ್ಳಿ. ಆಯುಷ್ ಸಚಿವಾಲಯದ ಔಷಧ ಸುರಕ್ಷತಾ ಯೋಜನೆಗೆ ದೂರು ಕೊಡಬಹುದು, ವೆಬ್‌ಸೈಟ್ ayushsuraksha.com. ಪುಡಿಯಿಂದಲೇ ಆಯಿತು ಅಂತ ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಆದರೆ ಯಾವಾಗ ಶುರು ಮಾಡಿದಿರಿ, ದಿನಕ್ಕೆ ಎಷ್ಟು, ಯಾವಾಗ ನಿಲ್ಲಿಸಿದಿರಿ, ಜೊತೆಗೆ ಬೇರೆ ಏನು ತೆಗೆದುಕೊಳ್ಳುತ್ತಿದ್ದಿರಿ (ಪ್ಯಾರಾಸಿಟಮಾಲ್ ಕೂಡ) ಎಲ್ಲ ಬರೆಯಿರಿ. ನಿಲ್ಲಿಸಿದ ಮೇಲಿನ ಲಿವರ್ ರಿಪೋರ್ಟ್ ಮರೆಯಬೇಡಿ, ಅಂಕಿ ಇಳಿದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಹೆಪಟೈಟಿಸ್ ಎ, ಇ ಟೆಸ್ಟ್ ಆಗಿದೆಯಾ? ಆಗಿದ್ದರೆ ಅದನ್ನೂ ಸೇರಿಸಿ.

ಪ್ರಯೋಜನ ಇದೆ. 2020ರಲ್ಲಿ ಇದೇ ಬಳ್ಳಿ ತಿಂದು ಲಿವರ್ ಕೆಟ್ಟ ಆರು ಜನರ ವಿವರವನ್ನು ಮುಂಬೈನ ವೈದ್ಯರು ಒಟ್ಟಿಗೆ ಇಟ್ಟು ನೋಡಿದ ಮೇಲೆಯೇ, ಕೆಲವರಲ್ಲಿ ಇದು ದೇಹ ತನ್ನ ಲಿವರ್ ಮೇಲೆಯೇ ತಿರುಗಿ ಬೀಳುವ ಕಾಯಿಲೆಯನ್ನು ಕೆಣಕುತ್ತಿರಬಹುದು ಎಂಬ ಸುಳಿವು ಸಿಕ್ಕಿದ್ದು. ಸಚಿವಾಲಯ ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ಡಬ್ಬಿ ಇಟ್ಟುಕೊಳ್ಳಿ ಅಂದಿದ್ದು ಅದಕ್ಕೇ, ಒಳಗಿರುವುದು ಯಾವ ಬಳ್ಳಿ ಅಂತ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ, ಅಲ್ವಾ?