48 ಗ್ರಾಂ ಸರ ಅಡ ಇಡೋಕೆ ಹೋದ್ರೆ 42 ಗ್ರಾಂ ಅಂತಾರೆ, ಯಾಕೆ?

ಪ್ರಶ್ನೆ: ನಮ್ಮತ್ತೆ ಕೊಟ್ಟ ಹಳೇ ಕಲ್ಲಿನ ಸರ ಅಡ ಇಡೋಕೆ ಹೋಗಿದ್ದೆ. ಮನೇಲಿ ತೂಗಿದ್ರೆ 48 ಗ್ರಾಂ, ಅವ್ರು 42 ಅಂತ ಬರ್ಕೊಂಡು 20 ಕ್ಯಾರೆಟ್ ಅಂದ್ರು, ರೇಟೂ ಅಂಗಡಿ ರೇಟಿಗಿಂತ ಕಮ್ಮಿ ಹಾಕಿ 3 ಲಕ್ಷ ಮಾತ್ರ ಸಿಗುತ್ತೆ ಅಂದ್ರು. ಬಡ್ಡಿ 12 ಪರ್ಸೆಂಟ್, ವರ್ಷದ ಕೊನೇಲಿ ಅಸಲಿನ ಜೊತೆ ಒಟ್ಟಿಗೆ ಕಟ್ಟಿದ್ರೆ ಸಾಕಂತೆ. ಇದ್ರಲ್ಲಿ ಮೋಸ ಇದ್ಯಾ? ಆಮೇಲೆ ಕಟ್ಟೋದು ಸ್ವಲ್ಪ ಲೇಟಾದ್ರೆ ಸರ ಹರಾಜಿಗೆ ಹಾಕ್ಬಿಡ್ತಾರಾ?

ಉತ್ತರ: ನೀವು ಹೇಳಿದ ಲೆಕ್ಕದಲ್ಲಿ ಮೋಸ ಕಾಣ್ತಿಲ್ಲ ಮೇಡಂ, ಆದ್ರೆ ಆ 6 ಗ್ರಾಂ ಯಾವ್ಯಾವ್ದಕ್ಕೆ ಕಳೆದ್ರು ಅಂತ ನಿಮ್ಗೆ ಹೇಳಿಲ್ಲ ಅಂದ್ರೆ ಅದು ತಪ್ಪು. ಹಳೇ ಕಲ್ಲಿನ ಸರದಲ್ಲಿ ಹರಳು, ಹರಳಿನ ಕೆಳಗೆ ತುಂಬಿರೋ ಅರಗು, ದಾರ, ಮಣಿ ಎಲ್ಲಾ ಸೇರಿ ತೂಕ ಬರುತ್ತೆ, ಸಾಲ ಕೊಡೋರಿಗೆ ಬೇಕಾಗಿರೋದು ಬರೀ ಚಿನ್ನದ ತೂಕ. ಕಲ್ಲಿಗೆ ಎಷ್ಟೇ ಬೆಲೆ ಇರ್ಲಿ ಲೆಕ್ಕಕ್ಕೆ ತಗೊಳಲ್ಲ, ಮೇಕಿಂಗ್ ಚಾರ್ಜೂ ಇಲ್ಲ. ಕ್ಯಾರೆಟ್ ಕಮ್ಮಿ ಬಂದಿದ್ದೂ ಆಶ್ಚರ್ಯ ಏನಲ್ಲ, ಹಳೇ ಒಡವೆಗಳಲ್ಲಿ ಬೆಸುಗೆ ಜಾಸ್ತಿ ಇರುತ್ತೆ, 22 ಕ್ಯಾರೆಟ್ ಅಂತ ತಲೆಮಾರಿಂದ ನಂಬ್ಕೊಂಡು ಬಂದಿದ್ದು ಒರೆ ಹಚ್ಚಿದ್ರೆ 20, ಕೆಲವು ಸಲ 18ಕ್ಕೂ ನಿಲ್ಲುತ್ತೆ.

ಅಂಗಡಿ ರೇಟಿಗಿಂತ ಕಮ್ಮಿ ಯಾಕೆ ಅಂದ್ರೆ, ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ ಆ ಕ್ಯಾರೆಟ್ಟಿನ ಚಿನ್ನದ ಹಿಂದಿನ 30 ದಿನದ ಸರಾಸರಿ ಬೆಲೆ ಒಂದು, ನಿನ್ನೆಯ ಕ್ಲೋಸಿಂಗ್ ಬೆಲೆ ಇನ್ನೊಂದು, ಇವೆರಡ್ರಲ್ಲಿ ಯಾವ್ದು ಕಮ್ಮಿನೋ ಅದನ್ನೇ ಹಿಡೀಬೇಕು. ಹಂಗಾಗಿ ಚಿನ್ನ ಸರಸರ ಏರ್ತಿರೋ ಟೈಮಲ್ಲಿ ನಿಮ್ಗೆ ಸಿಗೋ ರೇಟು ಯಾವಾಗ್ಲೂ ಹಿಂದೇನೇ ಇರುತ್ತೆ.

ಈಗ ನಿಮ್ಮ 3 ಲಕ್ಷ ಎಲ್ಲಿಂದ ಬಂತು ನೋಡೋಣ. ಲೆಕ್ಕ ಸುಲಭ ಆಗ್ಲಿ ಅಂತ 20 ಕ್ಯಾರೆಟ್ ಗ್ರಾಮಿಗೆ 10,000 ರೂಪಾಯಿ ಅಂತ ಇಟ್ಕೊಳ್ಳಿ, ಇದು ಇವತ್ತಿನ ರೇಟಲ್ಲ. 42 ಗ್ರಾಮಿಗೆ 4,20,000. ಸ್ವಂತ ಖರ್ಚಿನ ಸಾಲ ಎರಡೂವರೆ ಲಕ್ಷದವರೆಗೆ ಇದ್ರೆ ಚಿನ್ನದ ಬೆಲೆಯ 85 ಪರ್ಸೆಂಟ್ ತನಕ ಕೊಡಬಹುದು, ಅದರ ಮೇಲೆ 5 ಲಕ್ಷದವರೆಗೆ 80, ಇನ್ನೂ ಜಾಸ್ತಿ ಆದ್ರೆ 75. ನಿಮ್ದು ನಡುವಿನ ಸ್ಲ್ಯಾಬ್, 80 ಪರ್ಸೆಂಟ್ ಅಂದ್ರೆ 3,36,000. ಹಂಗಾದ್ರೆ 36,000 ಎಲ್ಲಿ ಹೋಯ್ತು ಅಂತ ಕೇಳ್ತೀರಾ. ಬಡ್ಡಿ, ಅಸಲು ಎರಡೂ ಕೊನೇಲಿ ಒಂದೇ ಸಲ ಕಟ್ಟೋ ಸಾಲದಲ್ಲಿ ಈ ಮಿತಿ ಇವತ್ತು ಕೈಗೆ ಬರೋ ದುಡ್ಡಿಗಲ್ಲ, ವರ್ಷ ಆದ್ಮೇಲೆ ಕಟ್ಟಬೇಕಾದ ಒಟ್ಟು ಮೊತ್ತಕ್ಕೆ. 3 ಲಕ್ಷಕ್ಕೆ 12 ಪರ್ಸೆಂಟ್ ವರ್ಷದ ಬಡ್ಡಿ 36,000, ಸೇರಿಸಿದ್ರೆ 3,36,000. ಸರಿಯಾಗಿ ಅಲ್ಲಿಗೇ ಬಂತು. ಅದೇ ಸರದ ಮೇಲೆ ತಿಂಗಳಾ ತಿಂಗಳಾ ಬಡ್ಡಿ ಕಟ್ಟೋ ಸ್ಕೀಮ್ ತಗೊಂಡ್ರೆ ಜಾಸ್ತಿ ಸಾಲ ಸಿಗಬಹುದು. ಆದ್ರೆ ನಾನು ಹೇಳೋದು, ಜಾಸ್ತಿ ತಗೋಬೇಡಿ, 3 ಲಕ್ಷನೇ ತಗೊಂಡು ತಿಂಗಳಿಗೆ 3,000 ಬಡ್ಡಿ ಕಟ್ಕೊಂಡು ಹೋಗಿ. ವಾಯಿದೆ ದಿನ 3,36,000 ಒಟ್ಟಿಗೆ ಹೊಂದಿಸೋಕಾಗ್ದೆ ಒಡವೆ ಕಳ್ಕೊಂಡೋರನ್ನ ಬೇಕಾದಷ್ಟು ನೋಡಿದೀನಿ, ತಿಂಗಳ ಬಡ್ಡಿ ಕಟ್ತಾ ಬಂದೋರು ಅಲ್ಲಿ ತನಕ ಹೋಗೋದು ಕಮ್ಮಿ.

ಬಡ್ಡಿಯಲ್ಲಿ ಒಂದು ಮಾತ್ರ ಹುಷಾರು. ಕೆಲವು ಕಡೆ ಬೋರ್ಡಲ್ಲಿ ಕಮ್ಮಿ ರೇಟ್ ಇರುತ್ತೆ, ಅದು ಬಡ್ಡಿನ ಪ್ರತಿ ತಿಂಗಳು ಟೈಮಿಗೆ ಕಟ್ಟಿದ್ರೆ ಮಾತ್ರ, ತಪ್ಪಿದ್ರೆ ಮೇಲಿನ ಸ್ಲ್ಯಾಬಿಗೆ ಹಾರುತ್ತೆ. ಸಾಲಕ್ಕೆ ಸೈನ್ ಹಾಕೋ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡ್ಬೇಕು, ಅದ್ರಲ್ಲಿ ಬಡ್ಡಿ, ಪ್ರೊಸೆಸಿಂಗ್ ಫೀ, ಅಪ್ರೈಸರ್ ಚಾರ್ಜ್ ಎಲ್ಲಾ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತೆ ಅಂತ ಇರುತ್ತೆ, ಬೇರೆ ಕಡೆ ಜೊತೆ ಹೋಲಿಸೋದಾದ್ರೆ ಆ ನಂಬರ್ ಹೋಲಿಸಿ. ಲೇಟಾಗಿದ್ದಕ್ಕೆ ದಂಡ ಹಾಕ್ಬಹುದು, ಆದ್ರೆ ದಂಡನ ಅಸಲಿಗೆ ಸೇರಿಸಿ ಅದ್ರ ಮೇಲೆ ಮತ್ತೆ ಬಡ್ಡಿ ಹಾಕೋ ಹಾಗಿಲ್ಲ.

ಈಗ ಹರಾಜಿನ ವಿಷಯ. ವಾಯಿದೆ ದಾಟಿದ ಮಾರನೇ ದಿನಾನೇ ಹರಾಜು ಅಂತ ಇಲ್ಲ. ನೋಟಿಸ್ ಕೊಟ್ಟು ಕಟ್ಟೋಕೆ ಟೈಮ್ ಕೊಡ್ಬೇಕು, ಎಷ್ಟು ದಿನದ ನೋಟಿಸ್ ಅನ್ನೋದು ನಿಮ್ಮ ಅಗ್ರಿಮೆಂಟಲ್ಲೇ ಬರೆದಿರ್ಬೇಕು. ಆಮೇಲೆ ಎರಡು ಪೇಪರಲ್ಲಿ ಜಾಹೀರಾತು, ಒಂದು ಸ್ಥಳೀಯ ಭಾಷೇದು, ಒಂದು ನ್ಯಾಷನಲ್ ಪೇಪರ್. ಸಾಲ ಕೊಟ್ಟ ಸಂಸ್ಥೆಯಾಗ್ಲಿ ಅದಕ್ಕೆ ಸಂಬಂಧಪಟ್ಟೋರಾಗ್ಲಿ ಹರಾಜಲ್ಲಿ ಕೂಗೋ ಹಾಗಿಲ್ಲ. ನಾನು ನೋಡಿರೋ ತಕರಾರಲ್ಲಿ ತುಂಬಾ ಸಲ ನೋಟಿಸ್ ಕಳ್ಸಿರ್ತಾರೆ, ಆದ್ರೆ ಸಾಲಗಾರರು ಬಾಡಿಗೆ ಮನೆ ಬದಲಾಯಿಸಿರ್ತಾರೆ, ಫೋನ್ ನಂಬರ್ ಬೇರೆ ಆಗಿರುತ್ತೆ, ಹಳೇ ವಿಳಾಸಕ್ಕೆ ಹೋದ ಲೆಟರ್ ವಾಪಸ್ ಬಂದಿರುತ್ತೆ, ಇವ್ರಿಗೆ ಗೊತ್ತಾಗೋದು ಒಡವೆ ಹೋದ್ಮೇಲೆ. ಅಡ್ರೆಸ್ ಚೇಂಜ್ ಆದ್ರೆ ಲೆಟರ್ ಕೊಟ್ಟು, ಅದಕ್ಕೆ ಸೀಲ್ ಹಾಕಿಸ್ಕೊಂಡ ಕಾಪಿ ಇಟ್ಕೊಳ್ಳಿ.

ಹರಾಜಾದ್ರೆ ಏನಾಗುತ್ತೆ ಅಂತ ನಿಮ್ಮ ಸರದ ಮೇಲೇ ನೋಡಿ. ಬಡ್ಡಿ, ದಂಡ, ನೋಟಿಸ್ ಖರ್ಚು ಎಲ್ಲಾ ಸೇರಿ ಬಾಕಿ 3,50,000 ಆಗಿದೆ, ಅಷ್ಟರಲ್ಲಿ ಚಿನ್ನ ಸ್ವಲ್ಪ ಇಳಿದು ಗ್ರಾಮಿಗೆ 9,500 ಆಗಿದೆ ಅಂದ್ಕೊಳ್ಳಿ. ಸರದ ಬೆಲೆ 3,99,000. ಹರಾಜಿನ ಮೂಲ ಬೆಲೆ ಇದರ 90 ಪರ್ಸೆಂಟಿಗಿಂತ ಕಮ್ಮಿ ಇಡೋ ಹಾಗಿಲ್ಲ, ಅಂದ್ರೆ 3,59,100. ಎರಡು ಸಲ ಯಾರೂ ತಗೊಳ್ದೆ ಹರಾಜು ಫೇಲಾದ್ರೆ ಮಾತ್ರ 85 ಪರ್ಸೆಂಟಿಗೆ ಇಳಿಸಬಹುದು. 3,70,000ಕ್ಕೆ ಹೋಯ್ತು ಅನ್ನಿ, ಬಾಕಿ ಹಿಡ್ಕೊಂಡು ಉಳಿದ 20,000 ನಿಮ್ದು, ಹರಾಜಿನ ಪೂರ್ತಿ ದುಡ್ಡು ಅವ್ರ ಕೈಗೆ ಬಂದ 7 ವರ್ಕಿಂಗ್ ಡೇ ಒಳಗೆ ಕೊಡ್ಬೇಕು. ಈ ಉಳಿಕೆ ದುಡ್ಡು ಕೇಳ್ಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಒಡವೆ ಹೋಯ್ತು ಅಂತ ಆ ಕಡೆ ತಲೆ ಹಾಕೋದೇ ಬಿಡ್ತಾರೆ. ಹರಾಜು ಎಷ್ಟಕ್ಕೆ ಹೋಯ್ತು, ಏನೇನು ಕಳೆದ್ರು ಅಂತ ಬರವಣಿಗೆಲಿ ಕೇಳಿ. ಇನ್ನೊಂದ್ ಕಡೆ, ಹರಾಜಿನ ದುಡ್ಡು ಬಾಕಿಗೆ ಸಾಲ್ದೇ ಹೋದ್ರೆ ಕೊರತೆ ನಿಮ್ಮ ತಲೆ ಮೇಲೇ ಬರುತ್ತೆ, ಸರ ಕೊಟ್ಟಾಯ್ತಲ್ಲ ಅಂತ ಅಲ್ಲಿಗೆ ಮುಗಿಯಲ್ಲ.

ಕಟ್ಟೋಕಾಗಲ್ಲ ಅಂತ ಮೊದ್ಲೇ ಗೊತ್ತಾದ್ರೆ ವಾಯಿದೆ ದಿನದ ಮುಂಚೆ ಹೋಗಿ, ಆಮೇಲೆ ಹೋದ್ರೆ ಕಷ್ಟ. ನಿಮ್ಮ ಥರದ ಸಾಲಕ್ಕೆ 12 ತಿಂಗಳೇ ಗರಿಷ್ಠ, ರಿನ್ಯೂ ಮಾಡ್ಸೋಕೆ ಅವಕಾಶ ಇದೆ, ಆದ್ರೆ ಅಲ್ಲಿ ತನಕದ ಬಡ್ಡಿ 36,000 ಕಟ್ಟಿದ್ಮೇಲೇ, ಅದೂ ಸಾಲ ಇನ್ನೂ ಕೆಟ್ಟ ಸಾಲ ಅಂತ ಆಗಿರ್ಬಾರ್ದು. ಬಡ್ಡಿನೂ ಹೊಸ ಸಾಲಕ್ಕೇ ಸೇರಿಸಿ ಕಾಗದದಲ್ಲಿ ಮಾತ್ರ ತಿರುಗಿಸೋ ಹಳೇ ಅಭ್ಯಾಸ ಈಗ ನಡೆಯಲ್ಲ. ಬಡ್ಡಿಗೂ ದುಡ್ಡಿಲ್ಲ ಅಂದ್ರೆ ಹರಾಜಿಗೆ ಬಿಡೋ ಬದಲು ಬೇರೆ ಯಾವ್ದಾದ್ರೂ ಸಣ್ಣ ಒಡವೆ ನೀವೇ ಮಾರಿ ಬಡ್ಡಿ ತುಂಬಿ, ಮನಸ್ಸಿಗೆ ಬೇಜಾರಾಗುತ್ತೆ ನಿಜ, ಆದ್ರೆ ಸರ ಉಳಿಯುತ್ತೆ. ಇದೇ ಕಾರಣಕ್ಕೆ ಸರದ ಜೊತೆ ಬಳೆ, ಓಲೆ ಎಲ್ಲಾ ಇಡೋದಾದ್ರೆ ಒಂದೇ ಲೋನ್ ನಂಬರಲ್ಲಿ ಕಟ್ಟಾಕ್ಬೇಡಿ, ಬೇರೆ ಬೇರೆ ಸಾಲ ಮಾಡಿಸಿ, ಕೈಗೆ ದುಡ್ಡು ಬಂದಾಗ ಒಂದೊಂದೇ ಬಿಡಿಸ್ಕೋಬಹುದು.

ಬಿಡಿಸ್ಕೊಳ್ಳೋ ದಿನದ ಜಗಳ ತಪ್ಪಿಸೋಕೆ ಅಡ ಇಡೋ ದಿನಾನೇ ಕೆಲಸ ಇರೋದು. ಒರೆ ಹಚ್ಚೋದು, ತೂಗೋದು ನಿಮ್ಮೆದುರೇ ಆಗ್ಬೇಕು. ಅವ್ರು ಕೊಡೋ ಸರ್ಟಿಫಿಕೇಟಲ್ಲಿ ಒಟ್ಟು ತೂಕ 48, ಕಳೆದಿದ್ದು 6, ನೆಟ್ 42, 20 ಕ್ಯಾರೆಟ್, ಬೆಲೆ ಇಷ್ಟು ಅಂತ ಬಿಡಿಸಿ ಬರೆದಿರ್ಬೇಕು. ಬರೀ ‘ಸರ ಒಂದು, 42 ಗ್ರಾಂ’ ಅಂತಿದ್ರೆ ಒಪ್ಪಬೇಡಿ, ಯಾಕಂದ್ರೆ ವಾಪಸ್ ಬರೋವಾಗ ಎರಡು ಕಲ್ಲು ಉದುರಿದ್ರೂ ತೋರಿಸೋಕೆ ನಿಮ್ಹತ್ರ ಏನೂ ಇರಲ್ಲ. ಸರದ ಮುಂದೆ ಹಿಂದೆ, ಕೊಂಡಿ, ಕಲ್ಲಿನ ಸಾಲು ಎಲ್ಲಾ ಫೋಟೋ ತಗೊಳ್ಳಿ, ಈಚಿನ ಹಾಲ್‌ಮಾರ್ಕ್ ಒಡವೆ ಆದ್ರೆ ಅದ್ರ ಮೇಲಿರೋ ಆರು ಅಕ್ಷರದ HUID ಬರ್ಕೊಳ್ಳಿ.

ದುಡ್ಡು ಪೂರ್ತಿ ಕಟ್ಟಿದ ದಿನಾನೇ ಒಡವೆ ಕೊಡ್ಬೇಕು, ತೀರಾ ಅಂದ್ರೆ 7 ವರ್ಕಿಂಗ್ ಡೇ. ಅವ್ರ ಕಡೆಯಿಂದ ಅದಕ್ಕಿಂತ ಲೇಟಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅವ್ರೇ ಕೊಡ್ಬೇಕು. ಪ್ಯಾಕೆಟ್ ಸೀಲ್ ನಿಮ್ಮೆದುರು ಒಡೆಸಿ, ಅಲ್ಲೇ ತೂಗಿಸಿ, ಒಟ್ಟು ತೂಕ 48ಕ್ಕೆ ತಾಳೆ ಆಗ್ಬೇಕು, ನೆಟ್ 42ಕ್ಕಲ್ಲ, ಇಲ್ಲೇ ಜನ ಗೊಂದಲ ಮಾಡ್ಕೊಳ್ಳೋದು. ಫೋಟೋ ಜೊತೆ ಕಲ್ಲು, ಕೊಂಡಿ ನೋಡಿದ್ಮೇಲೆ ಸೈನ್ ಹಾಕಿ, ಹಿಂದೆ ಕ್ಯೂ ಇದೆ ಅಂತ ಅವಸರ ಮಾಡಿದ್ರೂ ಪರವಾಗಿಲ್ಲ. ಡ್ಯಾಮೇಜ್ ಆಗಿದ್ರೆ ರಿಪೇರಿ ಖರ್ಚು ಅವ್ರದ್ದು, ಅದನ್ನ ಆ ರಸೀದಿ ಮೇಲೇ ಬರೆಸಿ.

ಇಲ್ಲಿ ಹೇಳಿದ್ದೆಲ್ಲಾ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ತಂದ ರೂಲ್ಸು, ಬ್ಯಾಂಕು, ಫೈನಾನ್ಸ್ ಕಂಪನಿ ಎಲ್ಲಾ 2026ರ ಏಪ್ರಿಲ್ 1ರ ಒಳಗೆ ಇದಕ್ಕೆ ಬರ್ಬೇಕು ಅಂತ ಹೇಳಿತ್ತು, ಅದಕ್ಕೂ ಮುಂಚೆ ಹಳೇ ರೂಲ್ಸಲ್ಲಿ ತಗೊಂಡ ಸಾಲಕ್ಕೆ ಹಳೇದೇ ಲೆಕ್ಕ. ಗಿರವಿ ಅಂಗಡಿಗೆ ಇದ್ಯಾವ್ದೂ ಅನ್ವಯ ಆಗಲ್ಲ, ಅವ್ರದ್ದು ರಾಜ್ಯದ ಬೇರೆ ಕಾನೂನು. ಬ್ಯಾಂಕ್ ಅಥವಾ ಕಂಪನಿ ಜೊತೆ ತಕರಾರಾದ್ರೆ ಮೊದ್ಲು ಅವ್ರಿಗೇ ಬರವಣಿಗೆಲಿ ದೂರು ಕೊಡಿ, 30 ದಿನ ಆದ್ರೂ ಉತ್ತರ ಬರ್ದಿದ್ರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗ್ದಿದ್ರೆ cms.rbi.org.in ಅಲ್ಲಿ ಓಂಬುಡ್ಸ್‌ಮನ್‌ಗೆ ಹಾಕಬಹುದು, ಅದಕ್ಕೆ ಫೀಸಿಲ್ಲ, ಮೊದ್ಲು ಕೊಟ್ಟ ದೂರಿನ ಕಾಪಿ ಜೊತೆ ಲಗತ್ತಿಸಿ.